‘ಇದು’ ಅನ್ನುವ ಬದಲು ಒಮ್ಮೆ ಹೆಸರು ಹೇಳಿದರೆ ಸಾಕು

ಯೂಟ್ಯೂಬಿಗೆ ವಿಡಿಯೋ ಹಾಕಿದ ಮೊದಲ ದಿನ ಬರುವ ಕಮೆಂಟುಗಳಿಗೆ ಉತ್ತರಿಸುವಾಗ, ಜನ ಹುಡುಕುವ ಪದವನ್ನು, ಅಂದರೆ ಕೀವರ್ಡನ್ನು, ಉತ್ತರದಲ್ಲಿ ಸೇರಿಸಬೇಕು ಎಂಬ ಸಲಹೆ ನೀವೂ ಕೇಳಿರಬಹುದು. ಸಲಹೆ ತಪ್ಪಲ್ಲ. ಆದರೆ ಅದನ್ನು ಪಾಲಿಸುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ನಾವೂ ಎಡವಿದ್ದೇವೆ.

ಕಳೆದ ಮಳೆಗಾಲದಲ್ಲಿ ಹಲಸಿನ ಎಲೆಯ ಕೊಟ್ಟೆ ಕಡುಬು ಮಾಡುವ ವಿಡಿಯೋ ಹಾಕಿದ್ದೆವು. ಮೊದಲ ಹತ್ತು ಹನ್ನೆರಡು ಕಮೆಂಟುಗಳಿಗೆಲ್ಲ ‘ನಮ್ಮ ಕೊಟ್ಟೆ ಕಡುಬು ಮಾಡುವ ವಿಧಾನ ವಿಡಿಯೋ ನೋಡಿದ್ದಕ್ಕೆ ಧನ್ಯವಾದ’ ಎಂದು ಒಂದೇ ವಾಕ್ಯ ಅಂಟಿಸಿದೆವು. ಸಂಜೆಗೆ ಒಬ್ಬ ಆಂಟಿ ಬರೆದರು: ‘ಎಂತ ಮಗಾ, ನಾನು ಕೇಳಿದ್ದು ಅಕ್ಕಿ ಎಷ್ಟು ಅಂತ. ನೀನು ಕಡುಬಿನ ಜಪ ಮಾಡ್ತಾ ಇದ್ದೀಯಲ್ಲ.’ ಅದರ ಕೆಳಗೆ ಇಪ್ಪತ್ತು ನಗುವ ಮುಖಗಳು! ನಗು ಇರಲಿ, ಒಂದೇ ವಾಕ್ಯವನ್ನು ಸಿಕ್ಕಲ್ಲೆಲ್ಲ ಅಂಟಿಸುವುದನ್ನು ಯೂಟ್ಯೂಬಿನ ನಿಯಮಗಳೇ ಸ್ಪ್ಯಾಮ್ ಎನ್ನುತ್ತವೆ.

ಆಮೇಲೆ ಆ ಕಮೆಂಟುಗಳನ್ನು ಮತ್ತೆ ಓದಿದಾಗ ಒಂದು ವಿಷಯ ಕಂಡಿತು. ಮೊದಲು ಬರೆಯುವವರು ಹೆಚ್ಚಾಗಿ ನಮ್ಮನ್ನು ಬಲ್ಲವರೇ. ಅವರು ಅರ್ಧ ಮಾತಿನಲ್ಲಿ ಕೇಳುತ್ತಾರೆ: ‘ಎಷ್ಟು ಹೊತ್ತು?’, ‘ಇದಕ್ಕೆ ಉದ್ದು ಬೇಕಾ?’ ನಾವೂ ಅರ್ಧ ಮಾತಿನಲ್ಲೇ ‘25 ನಿಮಿಷ’ ಎನ್ನುತ್ತೇವೆ. ಕನ್ನಡದಲ್ಲಿ ಮಾತಾಡುವಾಗ ಹೆಸರನ್ನು ಬಿಟ್ಟುಬಿಡುವುದು ಸಹಜ. ಆದರೆ ಎರಡು ತಿಂಗಳ ನಂತರ ಹುಡುಕಿಕೊಂಡು ಬರುವ ಅಪರಿಚಿತರಿಗೆ ಆ ‘25 ನಿಮಿಷ’ ಯಾವುದರದ್ದು ಎಂದು ತಿಳಿಯುವುದಿಲ್ಲ. ಹಿಟ್ಟು ರುಬ್ಬುವುದಕ್ಕೋ, ಬೇಯಿಸುವುದಕ್ಕೋ? ಹೀಗೆ ಬಿಟ್ಟುಹೋದ ಹೆಸರಿನ ಜಾಗವೇ ಕೀವರ್ಡಿನ ಜಾಗ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿಟ್ಟರೆ ಅದು ತುರುಕಿದಂತೆ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಅದು ಬೇಕಾಗಿತ್ತು.

ಆಂಟಿಗೆ ಕೊನೆಗೆ ಹೀಗೆ ಬರೆದೆವು: ‘ತಪ್ಪಾಯ್ತು ಆಂಟಿ. ಎರಡು ಲೋಟ ಅಕ್ಕಿಗೆ ಒಂದು ಲೋಟ ಉದ್ದು. ಕೊಟ್ಟೆ ಕಡುಬಿನ ಹಿಟ್ಟು ಇಡ್ಲಿ ಹಿಟ್ಟಿನಷ್ಟೇ ದಪ್ಪ ಇರಲಿ, ನೀರಾದರೆ ಎಲೆಯ ಸಂದಿಯಲ್ಲಿ ಸೋರುತ್ತದೆ.’ ಉತ್ತರ ಮೊದಲು, ಹೆಸರು ಆಮೇಲೆ, ಅದೂ ಒಂದೇ ಸಲ. ಹೊತ್ತು ಕೇಳಿದವರಿಗೆ: ‘ನೀರು ಕುದಿ ಬಂದ ಮೇಲೆ 25 ನಿಮಿಷ. ಹಲಸಿನ ಎಲೆಯಲ್ಲಿ ಬೇಯಿಸುವಾಗ ಇಡ್ಲಿಗಿಂತ ಹೆಚ್ಚು ಹೊತ್ತು ಬೇಕು.’ ಇಲ್ಲಿ ಖಾದ್ಯದ ಹೆಸರೇ ಇಲ್ಲ. ಆದರೆ ‘ಹಲಸಿನ ಎಲೆ’ ಎಂಬುದೂ ಜನ ಹುಡುಕುವ ಪದವೇ. ‘ಸೂಪರ್’ ಎಂದಷ್ಟೇ ಬರೆದವರಿಗೆ ಒಂದು ಹಾರ್ಟ್ ಕೊಟ್ಟರೆ ಸಾಕು. ಅಲ್ಲಿ ಯಾವ ಪದಕ್ಕೂ ಜಾಗವಿಲ್ಲ. ಪ್ರತಿಯೊಂದು ಉತ್ತರದಲ್ಲೂ ಕೀವರ್ಡ್ ಇರಲೇಬೇಕು ಎನ್ನುವ ಗೆಳೆಯರ ಮಾತನ್ನು ನಾವು ಒಪ್ಪುವುದಿಲ್ಲ.

ಬರೆದ ಮೇಲೆ ಪ್ರಶ್ನೆಯನ್ನು ಕೈಯಿಂದ ಮುಚ್ಚಿ ಉತ್ತರವನ್ನು ಮಾತ್ರ ಗಟ್ಟಿಯಾಗಿ ಓದುತ್ತೇವೆ. ಅರ್ಥವಾಗದಿದ್ದರೆ ಹೆಸರು ಸೇರಿಸಬೇಕು. ಹೆಸರನ್ನು ತೆಗೆದರೂ ಅರ್ಥ ಪೂರ್ತಿ ಉಳಿದರೆ ಅದು ದಂಡ, ತೆಗೆದುಬಿಡಬೇಕು. ಮನೆಯವರ ಎದುರು ಹಾಗೆ ಮಾತಾಡಲು ನಾಚಿಕೆಯಾಗುವ ವಾಕ್ಯವನ್ನು ಅಲ್ಲೂ ಬರೆಯುವುದು ಬೇಡ.

ಇದರಿಂದ ವಿಡಿಯೋ ಹುಡುಕಾಟದಲ್ಲಿ ಮೇಲೆ ಬರುತ್ತದೆಯೇ? ಇಷ್ಟರಿಂದಲೇ ಬರುತ್ತದೆ ಎಂದು ನಾವು ಹೇಳುವುದಿಲ್ಲ. ಹುಡುಕಿದ ಪದಕ್ಕೆ ಹೊಂದಿಕೆ ನೋಡುವಾಗ ಯೂಟ್ಯೂಬ್ ತಾನೇ ಹೆಸರಿಸಿ ಹೇಳುವುದು ಶೀರ್ಷಿಕೆ, ವಿವರಣೆ, ವಿಡಿಯೋದ ಒಳಗಿನ ವಿಷಯ ಮುಂತಾದವನ್ನು. ಕಮೆಂಟಿನ ಉತ್ತರ ಅವುಗಳ ಬದಲಿಗೆ ನಿಲ್ಲದು. ಒಳ್ಳೆಯ ಉತ್ತರಕ್ಕೆ ಎದುರು ಪ್ರಶ್ನೆ ಬರುತ್ತದೆ, ಮಾತು ಬೆಳೆಯುತ್ತದೆ, ಆಮೇಲೆ ಬಂದವರು ಉತ್ತರ ಸಿಕ್ಕಿತೆಂದು ನಿಲ್ಲುತ್ತಾರೆ. ಲಾಭ ಇರುವುದು ಅಲ್ಲಿ.

ಇನ್ನೊಂದು ಲಾಭವನ್ನು ನಾವು ಎಣಿಸಿಯೇ ಇರಲಿಲ್ಲ. ಕಾಸರಗೋಡಿನಂಥ ಊರಿನಲ್ಲಿ ಒಂದೇ ತಿಂಡಿಗೆ ಮನೆಗೊಂದು ಹೆಸರು. ‘ನಮ್ಮಲ್ಲಿ ಇದು ಗುಂಡ’ ಎಂದು ಒಬ್ಬ ಅಕ್ಕ ಬರೆದರು, ‘ಮೂಡೆ ಅಲ್ವಾ?’ ಎಂದು ಇನ್ನೊಬ್ಬರು ಕೇಳಿದರು. ಅದಕ್ಕೆ ‘ಹೌದು ಅಕ್ಕ, ತುಳುವಿನಲ್ಲಿ ಗುಂಡ. ಮೂಡೆಗೆ ಕೇದಗೆ ಜಾತಿಯ ಉದ್ದ ಎಲೆ ಸುತ್ತುತ್ತಾರೆ, ನಮ್ಮದು ಹಲಸಿನ ಎಲೆ’ ಎಂದೆವು. ಒಂದೇ ಉತ್ತರದಲ್ಲಿ ಮೂರು ಹುಡುಕುವ ಪದಗಳು ಬಂದವು, ಒಂದನ್ನೂ ತುರುಕಿದ್ದಲ್ಲ. ಅದನ್ನು ನೋಡಿ ವಿವರಣೆಯ ಮೊದಲ ಸಾಲನ್ನೇ ಬದಲಿಸಿ ‘ಗುಂಡ’ ಸೇರಿಸಿದೆವು. ಎಷ್ಟೋ ಜನ ಇಂಗ್ಲಿಷ್ ಅಕ್ಷರದಲ್ಲಿ kotte kadubu ಎಂದೇ ಟೈಪ್ ಮಾಡುತ್ತಾರಲ್ಲ, ಅದನ್ನೂ ಅಲ್ಲಿಯೇ ಒಮ್ಮೆ ಬರೆದೆವು. ಉತ್ತರಗಳ ನಡುವೆ ಅದನ್ನು ತರಲಿಲ್ಲ. ಆಂಟಿ ಮತ್ತೆ ಬಯ್ದಾರು.