ಡಿಸ್ಕ್ ಓಡಿದರೆ ಸಾಕೇ?

‘ಪಿಎಸ್4 ಗೇಮ್‌ಗೆ ರೀಜನ್ ಲಾಕ್ ಇಲ್ಲ, ಯಾವ ದೇಶದಿಂದ ತಂದರೂ ಓಡುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ಇದು ಅರ್ಧ ಸತ್ಯ. ಉಳಿದರ್ಧ ಗೊತ್ತಾಗುವುದು ದುಡ್ಡು ಹೋದ ಮೇಲೆ.

ಅಮೆರಿಕದಲ್ಲಿರುವ ಮಾವ ಊರಿಗೆ ಬರುವಾಗ ಒಂದು ಡಿಸ್ಕ್ ತಂದರು ಅನ್ನಿ. ಮನೆಯ ಪಿಎಸ್4ಗೆ ಹಾಕಿದರೆ ಆಟ ಶುರುವಾಗುತ್ತದೆ, ತಕರಾರಿಲ್ಲ. ಆಮೇಲೆ ಹುಡುಗ ಅದೇ ಆಟದ ಹೆಚ್ಚುವರಿ ಭಾಗವನ್ನು, ಅಂದರೆ ಡಿಎಲ್‌ಸಿಯನ್ನು, ತನ್ನ ಭಾರತದ ಅಕೌಂಟ್‌ನಿಂದ ಕೊಳ್ಳುತ್ತಾನೆ. ದುಡ್ಡು ಕಟ್ಟಾಗುತ್ತದೆ. ಆದರೆ ಆಟದೊಳಗೆ ಹೋದರೆ ಹೊಸ ಭಾಗ ಕಾಣುವುದೇ ಇಲ್ಲ! ಆಟದ ಹೆಸರು ಒಂದೇ, ಆದರೆ ಅಮೆರಿಕದ ಡಿಸ್ಕ್‌ನ ನಂಬರ್ ಬೇರೆ, ಇಲ್ಲಿ ಕೊಂಡ ಡಿಎಲ್‌ಸಿ ಹುಡುಕುವ ನಂಬರ್ ಬೇರೆ.

ಆ ನಂಬರ್ ಡಬ್ಬಿಯ ಬೆನ್ನ ಮೇಲೇ ಇರುತ್ತದೆ: CUSA ಎಂದು ಶುರುವಾಗಿ ಐದು ಅಂಕಿ. ಅದಕ್ಕಿಂತ ಸುಲಭದ ಗುರುತು ಮುಂದಿನ ವಯಸ್ಸಿನ ಚೀಟಿ. ESRB ಎಂದಿದ್ದರೆ ಅಮೆರಿಕದ್ದು, PEGI ಎಂದಿದ್ದರೆ ಯುರೋಪಿನದ್ದು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು PEGI ಡಬ್ಬಿ. ಮಾವನಿಗೆ ಮೊದಲೇ ಹೇಳಿ, ಡಬ್ಬಿಯ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ.

ಡಿಸ್ಕ್ ಈಗಾಗಲೇ ಮನೆಗೆ ಬಂದಿದ್ದರೆ ಅಮೆರಿಕದ ಹೆಸರಿನಲ್ಲಿ ಇನ್ನೊಂದು ಅಕೌಂಟ್ ತೆರೆದು, ಅಲ್ಲಿನ ಗಿಫ್ಟ್ ಕಾರ್ಡ್‌ನಿಂದ ಡಿಎಲ್‌ಸಿ ಕೊಳ್ಳಬೇಕು. ದುಡ್ಡು ಕೊಟ್ಟು ತಂದ ಆಟಕ್ಕೆ ಇಷ್ಟೆಲ್ಲ ಸರ್ಕಸ್ ಯಾಕೆ? ‘ಈ ಡಿಸ್ಕ್‌ಗೆ ಆ ದೇಶದ ಡಿಎಲ್‌ಸಿಯೇ ಬೇಕು’ ಅಂತ, ದುಡ್ಡು ಕಟ್ಟುವ ಬಟನ್ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಬರೆಯಲು ಕಂಪನಿಗೆ ಏನು ಕಷ್ಟ?