ಟೂರ್ ಮುಚ್ಚಿಡ್ಬೇಡಿ, ಬರೆದು ಹೇಳಿ

1/5
“ಫಾರ್ಮ್‌ನಲ್ಲಿ ಟೂರ್ ಅಂತ ಬರೀಬೇಡಿ, ಬರೀ ಕಾನ್ಫರೆನ್ಸ್ ಅಂತ ಹಾಕಿ. ವೀಸಾ ಬಂದ್ಮೇಲೆ ಎಲ್ಲಿ ಬೇಕಾದ್ರೂ ಸುತ್ಕೊಳ್ಳಿ.” ಯುರೋಪಿಗೆ ಪೇಪರ್ ಪ್ರೆಸೆಂಟ್ ಮಾಡೋಕೆ ಹೊರಟವರಿಗೆಲ್ಲ ಯಾರಾದ್ರೂ ಒಬ್ಬ ಸೀನಿಯರ್ ಕೊಡೋ ಉಪದೇಶ ಇದು. ನಾನು ಇದನ್ನ ಕೆಟ್ಟ ಸಲಹೆ ಅಂತೀನಿ. ಸುತ್ತೋದು ತಪ್ಪಲ್ಲ. ಅಷ್ಟು ದೂರ ಟಿಕೆಟ್ ಹಾಕಿ ಹೋಗಿ, ಹೋಟೆಲ್ ಮತ್ತು ಹಾಲ್ ಬಿಟ್ಟು ಬೇರೇನೂ ನೋಡದೆ ಬರೋದೇ ವಿಚಿತ್ರ. ಅದನ್ನ ಮುಚ್ಚಿಡೋದು ಮಾತ್ರ ತಪ್ಪು. ಅದಕ್ಕಿಂತ ಹೆಚ್ಚಾಗಿ, ಅದು ದಡ್ಡತನ.

2/5
ಮೊದಲು ಇನ್ವಿಟೇಷನ್ ಲೆಟರ್ ಬಗ್ಗೆ. ಅದರಲ್ಲಿ ಏನಿರುತ್ತೆ? ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್, ನಿಮ್ಮ ಪೇಪರಿನ ಶೀರ್ಷಿಕೆ, ಸಮ್ಮೇಳನದ ದಿನಾಂಕ, ಅಷ್ಟೇ. ಎಷ್ಟೋ ಆಯೋಜಕರು ರಿಜಿಸ್ಟ್ರೇಷನ್ ಹಣ ಕಟ್ಟಿದ ಮೇಲಷ್ಟೇ ಅದನ್ನ ಕಳಿಸ್ತಾರೆ, ಖರ್ಚು ನಾವು ನೋಡ್ಕೊಳ್ಳಲ್ಲ ಅಂತನೂ ಬರೆದಿರ್ತಾರೆ. ಇದು ವೀಸಾ ಕೊಡಿ ಅನ್ನೋ ಆದೇಶ ಅಲ್ಲ. ನೀವು ಬರೋಕೆ ಒಂದು ಕಾರಣ ಇದೆ ಅನ್ನೋದಕ್ಕೆ ಸಾಕ್ಷಿ. ಆ ಸಾಕ್ಷಿ ಐದು ದಿನಕ್ಕೆ ಮಾತ್ರ. ನಿಮ್ಮ ಟಿಕೆಟ್ ಹತ್ತು ದಿನ ತೋರಿಸಿದ್ರೆ, ಉಳಿದ ಐದು ದಿನ ಎಲ್ಲಿರ್ತೀರಿ ಅಂತ ಅಧಿಕಾರಿ ಕೇಳೇ ಕೇಳ್ತಾರೆ. ಉತ್ತರ ಫೈಲ್‌ನಲ್ಲಿ ಇಲ್ಲದಿದ್ರೆ ಅನುಮಾನ ಬರುತ್ತೆ. ಶೆಂಗೆನ್ ವೀಸಾ ತಿರಸ್ಕಾರದ ನಮೂನೆಯಲ್ಲಿ “ಪ್ರವಾಸದ ಉದ್ದೇಶ ಸಮರ್ಥಿಸಿಲ್ಲ” ಅನ್ನೋ ಕಾರಣ ಮೊದಲೇ ಅಚ್ಚಾಗಿರುತ್ತೆ. ಅವರು ಟಿಕ್ ಹಾಕಿದ್ರೆ ಮುಗೀತು.

3/5
ಈಗ ಒಂದು ಲೆಕ್ಕ ನೋಡೋಣ. ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ ಸಮ್ಮೇಳನ ವಿಯೆನ್ನಾದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ನಡೆಯುತ್ತೆ. ನೀವು ಭಾನುವಾರ ಇಳೀತೀರಿ. ಶನಿವಾರ ಬೆಳಗ್ಗೆ ಟ್ರೇನ್ ಹತ್ತಿದ್ರೆ ಸುಮಾರು ನಾಲ್ಕು ಗಂಟೆಯಲ್ಲಿ ಪ್ರಾಗ್. ಅಲ್ಲಿ ಮೂರು ರಾತ್ರಿ ಕಳೆದು ಮಂಗಳವಾರ ಅಲ್ಲಿಂದಲೇ ವಿಮಾನ. ರಾತ್ರಿ ಎಣಿಸಿದ್ರೆ ಒಂಬತ್ತು. ವೀಸಾ ಎಣಿಸೋದು ದಿನಗಳನ್ನ, ಇಳಿಯೋ ದಿನ ಮತ್ತು ಹೊರಡೋ ದಿನ ಎರಡೂ ಸೇರಿ. ಅಂದ್ರೆ ಹತ್ತು.

ಬರೀ ಸಮ್ಮೇಳನ ತೋರಿಸಿದವರಿಗೆ ಏಳು ದಿನ ಸಿಗಬಹುದು. ಸ್ಟಿಕ್ಕರ್ ಮೇಲೆ ಕೊನೆಯ ದಿನಾಂಕ ಸಾಮಾನ್ಯವಾಗಿ 15 ದಿನ ಮುಂದಕ್ಕೆ ಇರುತ್ತೆ, ಅದನ್ನ ನೋಡಿ ಖುಷಿ ಪಡ್ತಾರೆ. ಆದ್ರೆ ಲೆಕ್ಕಕ್ಕೆ ಬರೋದು ಅದೇ ಸ್ಟಿಕ್ಕರಿನ “ಡ್ಯುರೇಷನ್ ಆಫ್ ಸ್ಟೇ” ಸಂಖ್ಯೆ. ಅಲ್ಲಿ 7 ಇದ್ರೆ, ಎಂಟನೇ ದಿನ ಪ್ರಾಗ್‌ನಲ್ಲಿರೋದು ಅಕ್ರಮ ವಾಸ.

4/5
“ಟೂರ್ ಅಂದ್ರೆ ಡೌಟ್ ಪಡ್ತಾರೆ” ಅನ್ನೋರಿಗೆ ನನ್ನ ಉತ್ತರ: ಅಳತೆ ಮೀರಿದ್ರೆ ಪಡ್ತಾರೆ, ಪಡಲೇಬೇಕು. ಅರ್ಜಿ ಹಾಕಬೇಕಾದ್ದು ಮುಖ್ಯ ಗಮ್ಯ ಇರೋ ದೇಶಕ್ಕೆ. ಅದನ್ನ ತಂಗೋ ದಿನಗಳಿಂದ ಅಥವಾ ಪ್ರವಾಸದ ಉದ್ದೇಶದಿಂದ ನಿರ್ಧರಿಸ್ತಾರೆ. ಮೇಲಿನ ಲೆಕ್ಕದಲ್ಲಿ ಎರಡೂ ಆಸ್ಟ್ರಿಯಾ ಕಡೆಗೇ ಇವೆ, ಗೊಂದಲವೇ ಇಲ್ಲ. ವಿಯೆನ್ನಾದಲ್ಲಿ ಐದು ದಿನ, ಇಟಲಿಯಲ್ಲಿ ಹನ್ನೆರಡು ದಿನ ಅಂದ್ರೆ ಮುಖ್ಯ ಯಾವುದು ಅಂತ ವಾದಿಸೋ ಭಾರ ನಿಮ್ಮ ತಲೆ ಮೇಲೆ. ಸ್ಲಾಟ್ ಬೇಗ ಸಿಗುತ್ತೆ ಅಂತ ಬೇರೆ ದೇಶಕ್ಕೆ ಅರ್ಜಿ ಹಾಕೋದಂತೂ ಬೇಡವೇ ಬೇಡ.

ಕವರ್ ಲೆಟರ್‌ನಲ್ಲಿ ನೇರವಾಗಿ ಬರೀರಿ: ಈ ದಿನಗಳು ಸಮ್ಮೇಳನ, ಈ ದಿನಗಳು ಪ್ರಾಗ್ ನೋಡೋಕೆ, ಅದರ ಖರ್ಚು ನನ್ನದು. ಹೋಟೆಲ್ ಬುಕಿಂಗ್ ಹತ್ತೂ ದಿನಕ್ಕೆ, 30,000 ಯೂರೋ ಇನ್ಶೂರೆನ್ಸ್ ಕೂಡ ಹತ್ತೂ ದಿನಕ್ಕೆ. ಕಾಲೇಜಿನ ರಜೆ ಪತ್ರದಲ್ಲೂ ಅದೇ ಹತ್ತು ದಿನ ಇರಲಿ. ಗಡಿಯಲ್ಲೂ ಈ ಕಾಗದ ಕೇಳಬಹುದು, ಕೈಚೀಲದಲ್ಲಿ ಇಟ್ಕೊಳ್ಳಿ.

5/5
ಇನ್ನು ಸೆಷನ್ ಟೈಮ್. ವೀಸಾ ಅರ್ಜಿ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು, ಕೊನೆ ಅಂದ್ರೆ 15 ದಿನ ಮೊದಲು. ದೊಡ್ಡ ಸಮ್ಮೇಳನಗಳ ಪೂರ್ತಿ ವೇಳಾಪಟ್ಟಿ ಬರೋದು ಎಷ್ಟೋ ಸಲ ನೀವು ಅರ್ಜಿ ಹಾಕಿದ ಮೇಲೆ. ನಿಮ್ಮ ಮಾತು ಸೋಮವಾರವೋ ಶುಕ್ರವಾರ ಸಂಜೆಯೋ ಆಗ ಗೊತ್ತಿರಲ್ಲ. ಹಾಗಾಗಿ ವಾರದ ಮಧ್ಯೆ ಬೇರೆ ಊರಿಗೆ ಟಿಕೆಟ್ ಬುಕ್ ಮಾಡಲೇಬೇಡಿ. “ನನ್ನ ಸ್ಲಾಟ್ ಬದಲಿಸಿ, ಟ್ರೇನ್ ಇದೆ” ಅಂತ ಮೇಲ್ ಹಾಕಿದ್ರೆ, ನಿಮಗೋಸ್ಕರ ಉಳಿದವರ ಸಮಯ ಅಲ್ಲಾಡಿಸಬೇಕಾಗುತ್ತೆ. ಸಮ್ಮೇಳನದ ವಾರದಲ್ಲಿ ಊರು ನೋಡೋಕೆ ಸಂಜೆ ಇದೆ. ಅದೇ ವಿಯೆನ್ನಾದಲ್ಲಿ ಸಮ್ಮೇಳನದ ಜಾಗದಿಂದ ಯು1 ಮೆಟ್ರೋ ಹತ್ತಿದ್ರೆ ಸ್ವಲ್ಪ ಹೊತ್ತಲ್ಲೇ ಸ್ಟೆಫಾನ್ಸ್‌ಪ್ಲಾಟ್ಸ್. ಕುನ್ಸ್ಟ್‌ಹಿಸ್ಟೋರಿಶೆಸ್ ಮ್ಯೂಸಿಯಂ ಗುರುವಾರ ರಾತ್ರಿ 9ರವರೆಗೆ ತೆರೆದಿರುತ್ತೆ.

ಖಾಲಿ ಕುರ್ಚಿಗಳ ಮುಂದೆ ಮಾತಾಡಿ ವಾಪಸ್ ಬಂದ ಜೂನಿಯರ್‌ಗಳು ನಮ್ಮಲ್ಲೇ ಇದ್ದಾರೆ. ಆ ಕುರ್ಚಿಯಲ್ಲಿ ಕೂರಬೇಕಾದವರು ಕದ್ದು ಸುತ್ತೋಕೆ ಹೋಗಿದ್ರು. ಟೂರನ್ನ ಕಾಗದದ ಮೇಲೆ ತಂದ್ರೆ ಕದಿಯೋ ಅಗತ್ಯವೇ ಇರಲ್ಲ. ಒಪ್ಪಲ್ವಾ? ಕಾಮೆಂಟ್‌ನಲ್ಲಿ ಜಗಳಕ್ಕೆ ಬನ್ನಿ. ಆ ಉಪದೇಶ ಕೊಟ್ಟ ಸೀನಿಯರ್‌ನೂ ಟ್ಯಾಗ್ ಮಾಡಿ.

#ವೀಸಾಕಥೆ #ಕಾನ್ಫರೆನ್ಸ್ #ಕನ್ನಡದಲ್ಲೇಹೇಳ್ತೀನಿ