‘ಮೂರು ಜೆಸಿ ತಿರಸ್ಕೃತ’: ಊಹಿಸಬೇಕೆ, ಕೇಳಬೇಕೆ?

ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯು 2006ರ ಫೆಬ್ರವರಿ 2ರಂದು ಪ್ರಾರಂಭವಾದದ್ದು ಅನಂತಪುರ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿ ಎಂಬ ಹಳ್ಳಿಯಲ್ಲಿ. ಆ ಜಿಲ್ಲೆಯ ನೈರುತ್ಯದ ಅಂಚಿನಲ್ಲಿ ಬಹುಕಾಲ ಇದ್ದು, 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರದ ಸೀಮೆಯಲ್ಲಿ, ಎಂದರೆ ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರಗಳ ಸುತ್ತಣ ಹಳ್ಳಿಗಳಲ್ಲಿ, ಬೇಸಗೆಯ ತಿಂಗಳುಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಯೋಜನೆಯ ಕೂಲಿಯಿಂದಲೇ. ಇಲ್ಲಿಯ ಜನ ಮನೆಯಲ್ಲಿ ಆಡುವುದು ಕನ್ನಡ, ಕಚೇರಿಯಲ್ಲಿ ಕೇಳುವುದು ತೆಲುಗು. ಆದರೆ ಕೂಲಿಯ ವಿಚಾರವಾಗಿ ಅವರ ಮೊಬೈಲಿಗೆ ಬರುವ ಸಂದೇಶವು ಎರಡೂ ನುಡಿಗಳಿಗೆ ಸೇರದ, ರೋಮನ್ ಲಿಪಿಯ ಸಂಕ್ಷಿಪ್ತಾಕ್ಷರಗಳ ಒಂದು ಸಾಲು. ಯಾವುದೋ ಕಚೇರಿಯ ಗುಂಪಿನಲ್ಲಿ ಯಾರೋ ಯಾರಿಗೋ ಬರೆದುದನ್ನು ಹಾಗೆಯೇ ಎತ್ತಿ ಊರಿನ ಗುಂಪಿಗೆ ಅಂಟಿಸಿದ ಆ ಸಾಲನ್ನು ಓದುವವನು ಎಲ್ಲಿಯವರೆಗೆ ಊಹಿಸಬಹುದು, ಎಲ್ಲಿ ನಿಂತು ಕೇಳಲೇಬೇಕು ಎಂಬುದು ಕೂಲಿಗೆ ಸಂಬಂಧಿಸಿದ ಪ್ರಶ್ನೆಯಾದುದರಿಂದ ಗಂಭೀರವಾಗಿ ವಿಚಾರಿಸತಕ್ಕದ್ದಾಗಿದೆ.

ವಿಚಾರವು ಗಾಳಿಯಲ್ಲಿ ತೇಲದಿರಲೆಂದು, ಇಂತಹ ಸಂದೇಶಗಳ ಮಾದರಿಯಲ್ಲಿ ಒಂದನ್ನು ಇಲ್ಲಿ ರಚಿಸಿಕೊಂಡಿದ್ದೇನೆ. ಇದು 2024ರ ಮೇ ತಿಂಗಳ ಕೊನೆಯ ವಾರದಲ್ಲಿ ಬಂದಿತೆಂದು ಭಾವಿಸೋಣ.

```
27/05 WL gen. FTO pending - PO sign. 3 JC rej - NPCI.
Inform FA/TA. Docs at MCC b4 31st
```

ಡಬ್ಲ್ಯುಎಲ್ ಎಂದರೆ ಕೂಲಿಪಟ್ಟಿ, ಎಫ್‌ಟಿಒ ಎಂದರೆ ಹಣ ವರ್ಗಾವಣೆಯ ಆದೇಶ. ಮಸ್ಟರು ಮುಗಿದ ಮೇಲೆ ಕೂಲಿಪಟ್ಟಿ, ಪಟ್ಟಿಯಿಂದ ಆದೇಶ, ಆದೇಶಕ್ಕೆ ಇಬ್ಬರು ಅಧಿಕಾರಿಗಳ ಡಿಜಿಟಲ್ ಸಹಿ, ಸಹಿಯಾದ ಮೇಲೆ ಬ್ಯಾಂಕಿನ ದಾರಿ ಎಂಬ ಕ್ರಮವನ್ನು ಒಂದೆರಡು ವರ್ಷ ಕೆಲಸಕ್ಕೆ ಹೋದ ಯಾರಾದರೂ ಬಲ್ಲರು. ಈ ಎರಡು ಅಕ್ಷರಗುಚ್ಛಗಳಿಗೆ ಈ ಯೋಜನೆಯೊಳಗೆ ಬೇರೆ ಅರ್ಥವಿಲ್ಲ. ಇವುಗಳನ್ನು ಕೇಳುತ್ತ ಕೂರುವುದು ಕಾಲಹರಣವೇ ಸರಿ. ತೊಡಕು ಮುಂದಿನ ಅಕ್ಷರಗಳಲ್ಲಿದೆ.

ಪಿಒ ಎಂದರೇನು? ಆಂಧ್ರದಲ್ಲಿ ಈ ಯೋಜನೆಯ ಮಂಡಲಮಟ್ಟದ ಕಾರ್ಯಕ್ರಮಾಧಿಕಾರಿ, ಎಂದರೆ ಎಂಪಿಡಿಒ ಅವರು, ಪಿಒ. ಅದೇ ಯೋಜನೆಯಲ್ಲಿ ಹಿಂದೆ ಕೂಲಿಯನ್ನು ಅಂಚೆ ಕಚೇರಿಯ ಖಾತೆಗಳ ಮೂಲಕ ಹಂಚುತ್ತಿದ್ದ ಕಾರಣದಿಂದ ಹಳಬರ ಬಾಯಲ್ಲಿ ಪಿಒ ಎಂದರೆ ಇಂದಿಗೂ ಪೋಸ್ಟಾಫೀಸು. ಜೆಸಿ ಎಂದರೆ ಜಾಬ್ ಕಾರ್ಡು; ಆದರೆ ಮಂಡಲ ಕಚೇರಿಯ ಮೇಜಿನ ಮೇಲೆ ಅದೇ ಎರಡಕ್ಷರ ಜಾಯಿಂಟ್ ಕಲೆಕ್ಟರರನ್ನೂ ಸೂಚಿಸುತ್ತದೆ. ಟಿಎ ತಾಂತ್ರಿಕ ಸಹಾಯಕನೂ ಹೌದು, ಪ್ರಯಾಣಭತ್ಯೆಯೂ ಹೌದು. ಎಂಸಿಸಿ ಎಂದರೆ ಮಂಡಲದ ಕಂಪ್ಯೂಟರ್ ಕೇಂದ್ರ. ಆದರೆ 2024ರ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಚುನಾವಣೆಯ ಮಾದರಿ ನೀತಿಸಂಹಿತೆ ಜಾರಿಯಲ್ಲಿದ್ದು, ಕಚೇರಿಯ ಯಾವ ಕೆಲಸ ನಿಂತರೂ ‘ಎಂಸಿಸಿ ಇದೆ’ ಎಂಬ ಉತ್ತರವೇ ದೊರೆಯುತ್ತಿದ್ದ ಆ ದಿನಗಳಲ್ಲಿ ಈ ಮೂರಕ್ಷರವನ್ನು ಕಂಡವನಿಗೆ ಮೊದಲು ಹೊಳೆಯುವುದು ನೀತಿಸಂಹಿತೆಯೇ ಆಗಿರುವುದು ಸಹಜ.

ಇವುಗಳಲ್ಲಿ ಬಹುಪಾಲನ್ನು ಅಕ್ಕಪಕ್ಕದ ಮಾತೇ ಬಿಡಿಸಿಕೊಡುತ್ತದೆ. ಅಂಚೆ ಕಚೇರಿಯು ಹಣ ವರ್ಗಾವಣೆಯ ಆದೇಶಕ್ಕೆ ಸಹಿ ಹಾಕುವುದಿಲ್ಲವಾದುದರಿಂದ ಇಲ್ಲಿ ಪಿಒ ಅಧಿಕಾರಿಯೇ ಆಗಬೇಕು. ಒಂದು ಜಿಲ್ಲೆಯಲ್ಲಿ ಮೂವರು ಜಾಯಿಂಟ್ ಕಲೆಕ್ಟರರನ್ನು ತಿರಸ್ಕರಿಸುವ ಪ್ರಸಂಗವೇ ಇಲ್ಲವಾದುದರಿಂದ ಜೆಸಿ ಜಾಬ್ ಕಾರ್ಡೇ. ಭತ್ಯೆಗೆ ಯಾರೂ ಸುದ್ದಿ ತಿಳಿಸುವುದಿಲ್ಲ. ನೀತಿಸಂಹಿತೆಯಲ್ಲಿ ಯಾರೂ ದಾಖಲೆ ಕೊಡುವುದಿಲ್ಲ. ಹೀಗೆ ಎರಡನೆಯ ಅರ್ಥವನ್ನು ವಾಕ್ಯದೊಳಗಿಟ್ಟು ನೋಡಿದಾಗ ವಾಕ್ಯವೇ ಅಸಂಬದ್ಧವಾಗುವುದಾದರೆ ಮೊದಲನೆಯ ಅರ್ಥವನ್ನು ನೆಚ್ಚಿ ಮುಂದೆ ಸಾಗಬಹುದು. ಎರಡೂ ಅರ್ಥಗಳು ವಾಕ್ಯದಲ್ಲಿ ಸಲೀಸಾಗಿ ಕುಳಿತುಕೊಂಡರೆ ಮಾತ್ರ ಊಹೆಯು ಅಪಾಯದ ನೆಲಕ್ಕೆ ಬಂದಿದೆಯೆಂದು ತಿಳಿಯಬೇಕು.

ಗಡಿಯ ಜನಕ್ಕೆ ಚಿರಪರಿಚಿತವಾದ ಆರ್‌ಟಿಸಿಯನ್ನು ಇಲ್ಲಿ ಸ್ಮರಿಸಬಹುದು. ಮಡಕಶಿರದಲ್ಲಿ ಆರ್‌ಟಿಸಿ ಎಂದರೆ ಸರ್ಕಾರಿ ಬಸ್ಸು. ಗಡಿ ದಾಟಿ ಶಿರಾ ತಾಲ್ಲೂಕಿಗೆ ಕಾಲಿಟ್ಟರೆ ಅದೇ ಆರ್‌ಟಿಸಿ ಜಮೀನಿನ ಪಹಣಿ. ಆದರೆ ಶಿರಾದ ಬ್ಯಾಂಕಿನಿಂದ ‘ಆರ್‌ಟಿಸಿ ಪ್ರತಿ ತನ್ನಿ’ ಎಂದು ಸಂದೇಶ ಬಂದಾಗ ಬಸ್ಸಿನ ಟಿಕೇಟನ್ನು ಒಯ್ದವನು ಯಾವನೂ ಇರಲಾರ. ದೂರದ ಅರ್ಥಗಳು ಹೀಗೆ ತಾವಾಗಿಯೇ ಕಳಚಿ ಬೀಳುತ್ತವೆ. ತಪ್ಪು ಸಂಭವಿಸುವುದು ಹತ್ತಿರದ ಅರ್ಥದಲ್ಲಿ: ಅಗಳಿಯ ಕಡೆಯ ರೈತನು ಆರ್‌ಟಿಸಿ ಎಂದರೆ ತನ್ನ ಸೀಮೆಯ ಅಡಂಗಲ್ ತಾನೆ ಎಂದು ಬಗೆದು, ಆಂಧ್ರದ ಹೊಲದ ಅಡಂಗಲ್ಲನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೋದರೆ, ಶಿರಾ ತಾಲ್ಲೂಕಿನಲ್ಲಿರುವ ತುಂಡುಭೂಮಿಯ ಪಹಣಿಗಾಗಿ ಮತ್ತೊಂದು ದಿನ ತಿರುಗಾಡಬೇಕಾಗುತ್ತದೆ. ಅಕ್ಷರಗುಚ್ಛದ ಅರ್ಥ ತಿಳಿಯಲಿಲ್ಲವೆಂಬ ಅರಿವಿದ್ದವನು ಕೇಳುತ್ತಾನೆ; ತಿಳಿಯಿತೆಂದು ನಂಬಿದವನು ಕೇಳದೆ ಹೊರಟುಬಿಡುತ್ತಾನೆ.

ಮತ್ತೆ ನಮ್ಮ ಸಂದೇಶಕ್ಕೆ ಬರೋಣ. ಅದರಲ್ಲಿ ಅತ್ಯಂತ ಸ್ಪಷ್ಟವಾಗಿ ಬಿಡಿಸಬಹುದಾದ ಗುಚ್ಛ ಎನ್‌ಪಿಸಿಐ: ಭಾರತದ ರಾಷ್ಟ್ರೀಯ ಪಾವತಿ ನಿಗಮ. ಓದಿದ ಹುಡುಗರು ಯಾರಾದರೂ ಇದನ್ನು ಹೇಳಿಬಿಡುತ್ತಾರೆ. ಆದರೆ ಅಕ್ಷರಗಳನ್ನು ಬಿಡಿಸಿದ ಮಾತ್ರಕ್ಕೆ ಮಾಡತಕ್ಕ ಕೆಲಸ ಯಾವುದೆಂಬುದು ತಿಳಿಯಿತೆ? 2024ರ ಜನವರಿ 1ರಿಂದ ಈ ಯೋಜನೆಯ ಕೂಲಿಯು ಆಧಾರ್ ಆಧಾರಿತ ಪಾವತಿಯ ಮೂಲಕವೇ ಸಲ್ಲಬೇಕೆಂಬ ನಿಯಮವಾಯಿತು. ಆ ಪದ್ಧತಿಯಲ್ಲಿ ಹಣವು ಖಾತೆಯ ಸಂಖ್ಯೆಯನ್ನು ನೋಡಿ ಹೋಗುವುದಿಲ್ಲ. ಒಂದು ಆಧಾರ್ ಸಂಖ್ಯೆಯು ಕಡೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಪಾವತಿ ನಿಗಮದ ಪಟ್ಟಿಯು ಹೇಳುತ್ತದೆ, ಹಣವು ಆ ಬ್ಯಾಂಕಿಗೆ ಹೋಗುತ್ತದೆ. ಆದುದರಿಂದ ‘ಎನ್‌ಪಿಸಿಐ ತಿರಸ್ಕೃತ’ ಎಂಬ ಮಾತಿನ ಹಿಂದೆ ಆಧಾರ್ ಯಾವ ಬ್ಯಾಂಕಿಗೂ ಜೋಡಣೆಯಾಗಿಲ್ಲದಿರಬಹುದು, ಜೋಡಣೆಯಾದದ್ದು ನಿಷ್ಕ್ರಿಯವಾಗಿರಬಹುದು, ಅಥವಾ ಜೋಡಣೆಯಾದ ಖಾತೆಯೇ ಮುಚ್ಚಿಹೋಗಿರಬಹುದು. ‘ಆಧಾರ್ ಲಿಂಕ್ ಆಗಬೇಕಂತೆ’ ಎಂದು ಊಹಿಸಿದವನು ಸಾಮಾನ್ಯವಾಗಿ ಆಧಾರ್ ಕೇಂದ್ರದ ಸಾಲಿನಲ್ಲಿ ಹೋಗಿ ನಿಲ್ಲುತ್ತಾನೆ; ಆ ಕೇಂದ್ರದಲ್ಲಿ ಹೆಸರು, ವಿಳಾಸ, ಬೆರಳಚ್ಚು ತಿದ್ದಬಹುದೇ ಹೊರತು ಬ್ಯಾಂಕಿನ ಜೋಡಣೆ ಮಾಡಲಾಗದು. ಅದು ಆಗುವುದು ಬ್ಯಾಂಕಿನ ಮೂಲಕ, ಖಾತೆದಾರನ ಒಪ್ಪಿಗೆಯಿಂದ. ಆ ವರ್ಷ ಆಂಧ್ರದಲ್ಲಿ ದಿನವೊಂದಕ್ಕೆ ಗೊತ್ತುಪಡಿಸಿದ್ದ ಕೂಲಿ 300 ರೂಪಾಯಿ. ತಪ್ಪಾಗಿ ಊಹಿಸಿ ತಪ್ಪು ಬಾಗಿಲಿಗೆ ಹೋದುದರ ಬೆಲೆ ಆ 300 ರೂಪಾಯಿ ಮತ್ತು ಬಸ್ಸಿನ ಖರ್ಚು.

ಸಂದೇಶದೊಳಗೆ ಇನ್ನೊಂದು ಮಾತು ಅಡಗಿದೆ. ಯಾವ ಅಕ್ಷರಕೋಶದಿಂದಲೂ ಅದು ಹೊರಬರಲಾರದು. ಈ ವಾರದ ಆದೇಶಕ್ಕೆ ಸಹಿಯೇ ಆಗಿಲ್ಲವೆಂದು ಮೊದಲ ಸಾಲು ಹೇಳುತ್ತದೆ. ಸಹಿಯಾಗದ ಆದೇಶವು ಬ್ಯಾಂಕನ್ನು ತಲುಪದು. ಬ್ಯಾಂಕನ್ನು ತಲುಪದ ಹಣವು ತಿರಸ್ಕೃತವಾಗಲಾರದು. ಎಂದ ಮೇಲೆ ತಿರಸ್ಕೃತವಾದ ಆ ಮೂರು ಕಾರ್ಡುಗಳ ಕೂಲಿ ಈ ವಾರದ್ದಲ್ಲ, ಹಿಂದಿನ ಯಾವುದೋ ವಾರದ್ದು. ಒಂದೇ ಸಾಲಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆಸೆದುಕೊಂಡಿವೆ: ಊರಿನ ಬಹುಜನರು ಸಹಿಗಾಗಿ ಸುಮ್ಮನೆ ಕಾಯತಕ್ಕವರು, ಮೂರು ಮನೆಯವರು ಮಾತ್ರ ಎದ್ದು ಹೋಗಿ ಏನಾದರೂ ಮಾಡತಕ್ಕವರು. ಇದನ್ನು ಬೇರ್ಪಡಿಸದೆ ಓದಿದರೆ ಕಾಯಬೇಕಾದವರು ಬ್ಯಾಂಕಿಗೆ ಓಡುತ್ತಾರೆ, ಓಡಬೇಕಾದವರು ಕಾಯುತ್ತ ಕುಳಿತುಬಿಡುತ್ತಾರೆ. ಆ ಮೂರು ಮನೆಗಳು ಯಾವುವು ಎಂಬುದನ್ನು ಎಷ್ಟು ಬುದ್ಧಿ ಓಡಿಸಿದರೂ ಊಹಿಸಿ ತಿಳಿಯಲಾಗದು, ಏಕೆಂದರೆ ಅದು ಸಂದೇಶದಲ್ಲಿಯೇ ಇಲ್ಲ. ಇಲ್ಲಿ ಕೇಳುವುದೊಂದೇ ದಾರಿ.

ಹಾಗೆಯೇ ‘ಎಫ್‌ಎ, ಟಿಎಗಳಿಗೆ ತಿಳಿಸಿ’ ಎಂಬ ಮಾತನ್ನು ಗಮನಿಸಬೇಕು. ಫೀಲ್ಡ್ ಅಸಿಸ್ಟೆಂಟರಿಗೂ ತಾಂತ್ರಿಕ ಸಹಾಯಕರಿಗೂ ಸುದ್ದಿ ಮುಟ್ಟಿಸುವ ಆಜ್ಞೆಯನ್ನು ಕೂಲಿಗಾರನಿಗೆ ಯಾರೂ ಕೊಡುವುದಿಲ್ಲ. ಅಂದ ಮೇಲೆ ಈ ಸಂದೇಶವು ಮೇಲಿನ ಕಚೇರಿಯ ಒಬ್ಬರು ಮಂಡಲದ ಸಿಬ್ಬಂದಿಗೆ ಬರೆದದ್ದು. ‘31ರೊಳಗೆ ದಾಖಲೆಗಳನ್ನು ಕೇಂದ್ರದಲ್ಲಿ ಕೊಡಿ’ ಎಂಬುದೂ ಬಹುಶಃ ಆ ಸಿಬ್ಬಂದಿಗೇ ಹೇಳಿದ ಮಾತು. ಕೂಲಿಗಾರನು ತನ್ನ ಆಧಾರ್ ಕಾರ್ಡು, ಪಾಸ್‌ಬುಕ್ಕುಗಳನ್ನು ಹೊತ್ತು ಮಂಡಲ ಕೇಂದ್ರಕ್ಕೆ ಹೋಗಬೇಕೆಂದೂ ಇರಬಹುದು, ಊರಿನ ಫೀಲ್ಡ್ ಅಸಿಸ್ಟೆಂಟರೇ ಸಂಗ್ರಹಿಸಿ ಒಪ್ಪಿಸಬೇಕೆಂದೂ ಇರಬಹುದು. ಎರಡು ಅರ್ಥಗಳೂ ವಾಕ್ಯಕ್ಕೆ ಹೊಂದುತ್ತವೆ, ಎರಡರಿಂದಲೂ ಮಾಡುವ ಕೆಲಸ ಬೇರೆಯಾಗುತ್ತದೆ, ನಡುವೆ ಗಡುವೂ ಇದೆ. ಅಂಟಿಸಿದ ಸಂದೇಶದ ಮುಖ್ಯ ಕೊರತೆಯಿದು: ಯಾರು ಯಾರಿಗೆ ಹೇಳಿದರೆಂಬುದು ಮೂಲದಲ್ಲಿಯೇ ಉಳಿದು, ಮಾತು ಮಾತ್ರ ನಮ್ಮ ಕೈ ಸೇರುತ್ತದೆ.

ಕೇಳುವುದಾದರೆ ಯಾರನ್ನು? ಸಂದೇಶವನ್ನು ಊರಿನ ಗುಂಪಿಗೆ ಅಂಟಿಸಿದವನನ್ನೇ ಕೇಳಿದರೆ ಹೆಚ್ಚಿನ ಸಂದರ್ಭಗಳಲ್ಲಿ ದೊರೆಯುವುದು ಅವನ ಊಹೆ. ಅದು ನಮ್ಮ ಊಹೆಗಿಂತ ಮೇಲಾಗಿರಬೇಕೆಂಬ ನಿಯಮವಿಲ್ಲ. ತಿರಸ್ಕಾರದ ಪಟ್ಟಿಯನ್ನು ಕಾಣಬಲ್ಲವರು ಫೀಲ್ಡ್ ಅಸಿಸ್ಟೆಂಟರು, ಅಥವಾ ಮಂಡಲದ ಕಂಪ್ಯೂಟರ್ ಕೇಂದ್ರದವರು. ಅವರನ್ನು ‘ಸಾರ್, ಇದೇನು, ಅರ್ಥವಾಗಲಿಲ್ಲ’ ಎಂದು ಕೇಳಿದರೆ ‘ನೋಡೋಣ ಬಿಡಪ್ಪ’ ಎಂಬ ಉತ್ತರ ಬರುವುದೇ ಹೆಚ್ಚು. ನಾವು ತಿಳಿದುಕೊಂಡುದನ್ನು ಮುಂದಿಟ್ಟು, ತಿಳಿಯದ ಒಂದೇ ಸಂಗತಿಯನ್ನು ಕೇಳಿದಾಗ ಅವರಿಗೂ ಉತ್ತರ ಸುಲಭ: ‘ಸಾರ್, ಹಿಂದಿನ ಯಾವುದೋ ವಾರದ ಕೂಲಿ ಮೂರು ಜಾಬ್ ಕಾರ್ಡಿಗೆ ವಾಪಸಾಗಿದೆಯಲ್ಲ, ಅದರಲ್ಲಿ ನಮ್ಮ ಮನೆಯದು ಇದೆಯೆ? ಇದ್ದರೆ ಕಾರಣವೇನೆಂದು ತೋರಿಸಿದೆ? ಕಾಗದ ನಿಮಗೆ ಕೊಡಬೇಕೋ, ನಾವೇ ಮಂಡಲಕ್ಕೆ ಬರಬೇಕೋ?’ ಈ ಮೂರು ಪ್ರಶ್ನೆಗಳಿಗೆ ಅವರು ಪಟ್ಟಿಯನ್ನು ನೋಡಿಯೇ ಉತ್ತರಿಸಬೇಕು. ತೇಲಿಸಿ ಹೇಳಲು ಎಡೆಯಿಲ್ಲ. ಕೇಳಿದರೆ ಅಜ್ಞಾನಿಯೆಂದು ತಿಳಿದಾರು ಎಂಬ ಸಂಕೋಚ ನಮ್ಮ ಜನರಲ್ಲಿ ಬಲವಾಗಿದೆ. ಕನ್ನಡದ ಬಾಯಿಂದ ತೆಲುಗಿನ ಕಚೇರಿಯಲ್ಲಿ ಮಾತೆತ್ತಬೇಕಾದವರಲ್ಲಿ ಅದು ಇಮ್ಮಡಿ. ಹೀಗೆ ಕೇಳಿದ ಪ್ರಶ್ನೆಯಲ್ಲಿ ಆ ಅಜ್ಞಾನವು ಕಾಣಿಸುವುದೇ ಇಲ್ಲ.

ಈ ಹೊರೆಯನ್ನೆಲ್ಲ ಓದುವವನ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲವೆಂದೇ ನನ್ನ ನಿಶ್ಚಿತವಾದ ಅಭಿಪ್ರಾಯ. ಕಚೇರಿಯೊಳಗೆ ಸಂಕ್ಷೇಪವು ಅವಶ್ಯಕ. ನೂರಾರು ಪಟ್ಟಿಗಳ ನಡುವೆ ದುಡಿಯುವವರು ಪೂರ್ಣಪದಗಳನ್ನು ಬರೆಯುತ್ತ ಕೂರಲಾಗದು. ಆದರೆ ಅದನ್ನು ಊರಿನ ಗುಂಪಿಗೆ ದಾಟಿಸುವ ಘಳಿಗೆಯಲ್ಲಿ ಎರಡು ಸಾಲಿನ ಕನ್ನಡ ಸಾಕು: ‘ಈ ವಾರದ ಕೂಲಿಗೆ ಎಂಪಿಡಿಒ ಸಹಿ ಆಗಬೇಕು, ಎಲ್ಲರೂ ಕಾಯಿರಿ. ಹಿಂದಿನ ಕೂಲಿ ಮೂವರಿಗೆ ವಾಪಸಾಗಿದೆ, ಅವರಿಗೆ ನಾನೇ ಫೋನು ಮಾಡುತ್ತೇನೆ; ಅವರು 31ರೊಳಗೆ ಬ್ಯಾಂಕಿಗೆ ಹೋಗಿ ಆಧಾರ್ ಜೋಡಿಸಿ, ರಸೀದಿ ನನಗೆ ಕೊಡಲಿ.’ ಇಷ್ಟು ಸ್ಪಷ್ಟವಾಗಿ ಬರೆದರೂ ಯಾವ ಬ್ಯಾಂಕಿಗೆ ಎಂಬುದೊಂದು ಉಳಿಯುತ್ತದೆ. ಮನೆಯಲ್ಲಿ ಎರಡು ಪಾಸ್‌ಬುಕ್ಕುಗಳಿದ್ದು, ಆಧಾರ್ ಯಾವುದಕ್ಕೆ ಜೋಡಣೆಯಾಗಿದೆಯೆಂಬ ನೆನಪು ಯಾರಿಗೂ ಇಲ್ಲದಿರುವುದು ಸಾಮಾನ್ಯ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ತೋರಿಸುವ ಪುಟವಿದ್ದು, ಆಧಾರ್‌ಗೆ ಸೇರಿದ ಮೊಬೈಲ್ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ಗ್ರಾಮ ಸಚಿವಾಲಯದಲ್ಲಿ ಅದನ್ನು ತೆರೆಸಿದರೆ ಬ್ಯಾಂಕಿನ ಹೆಸರೂ, ಜೋಡಣೆಯು ಸಕ್ರಿಯವೋ ನಿಷ್ಕ್ರಿಯವೋ ಎಂಬುದೂ ಅಲ್ಲಿ ಕಾಣುತ್ತದೆ. ಯಾವ ಪಾಸ್‌ಬುಕ್ಕನ್ನು ಹಿಡಿದು ಯಾವ ಶಾಖೆಗೆ ಹೊರಡಬೇಕೆಂಬುದನ್ನು ಅದಾದ ಮೇಲೆ ನಿರ್ಧರಿಸಿದರಾಯಿತು.